ಕೋರ್ಸ್ ಫೀಸ್ ಕಂಪನಿ ಕೈಲೇ ಕಟ್ಟಿಸಿದ್ದು ಹೀಗೆ

ಪ್ರಶ್ನೆ: ನಾನು ಒಂದು ಕಂಪನಿ ಅಕೌಂಟ್ಸ್ ಟೀಮಲ್ಲಿದೀನಿ. ಎಕ್ಸೆಲ್‌ನ ಪವರ್ ಕ್ವೆರಿ ಕೋರ್ಸ್ ಮಾಡ್ಬೇಕು ಅಂತಿದೆ, ಫೀಸ್ ಕಂಪನಿಯವ್ರೇ ಕೊಟ್ರೆ ಚೆನ್ನಾಗಿರುತ್ತೆ. ಮ್ಯಾನೇಜರ್ ಹತ್ರ ಹೇಗೆ ಕೇಳೋದು?

ನಾನೂ ಇದೇ ಕೋರ್ಸಿಗೆ ಎರಡು ಸಲ ಕೇಳಿದೀನಿ. ಮೊದಲ್ನೇ ಸಲ ಆಗ್ಲಿಲ್ಲ, ಎರಡ್ನೇ ಸಲ ಆಯ್ತು.

ನಮ್ದು ಪೀಣ್ಯದಲ್ಲಿ ಮಷಿನ್ ಪಾರ್ಟ್ಸ್ ಮಾಡೋ ಫ್ಯಾಕ್ಟರಿ, ಅಕೌಂಟ್ಸಲ್ಲಿ ನಾಲ್ಕು ಜನ. ಮೊದಲ್ನೇ ಸಲ ನಾನು ಕೋರ್ಸಿನ ಲಿಂಕ್ ಕಳ್ಸಿ "ಸರ್, ಇದು ಕಲಿತ್ರೆ ತುಂಬಾ ಉಪಯೋಗ ಆಗುತ್ತೆ" ಅಂದೆ. "ನೋಡೋಣಮ್ಮ" ಅಂದ್ರು, ಅಲ್ಲಿಗೆ ಮುಗೀತು. ಅವ್ರ ತಪ್ಪಿಲ್ಲ. ಯಾರಿಗೆ ಉಪಯೋಗ, ಯಾವ ಕೆಲ್ಸಕ್ಕೆ ಉಪಯೋಗ ಅಂತ ನಾನು ಹೇಳೇ ಇರ್ಲಿಲ್ಲ.

ನಿಮ್ಮಲ್ಲೂ ಜಿಎಸ್‌ಟಿ ಕೆಲ್ಸ ಇದ್ರೆ ಗೊತ್ತಿರುತ್ತೆ, 14ನೇ ತಾರೀಕು ಸಪ್ಲೈಯರ್‌ಗಳು ಅಪ್‌ಲೋಡ್ ಮಾಡಿದ ಬಿಲ್‌ಗಳ ಪಟ್ಟಿ 2ಬಿ ಬರುತ್ತೆ, 20ಕ್ಕೆ ತಿಂಗ್ಳ ಟ್ಯಾಕ್ಸ್ ರಿಟರ್ನ್ 3ಬಿ ಫೈಲ್ ಮಾಡ್ಬೇಕು, ಮಧ್ಯದಲ್ಲಿ ಒಂದು ಭಾನುವಾರನೂ ಬಂದುಬಿಡುತ್ತೆ, ಅಷ್ಟರಲ್ಲಿ ಟ್ಯಾಲಿಯಿಂದ ತೆಗ್ದ ಪರ್ಚೇಸ್ ರಿಜಿಸ್ಟರನ್ನ 2ಬಿ ಜೊತೆ ಸಾಲು ಸಾಲಾಗಿ ತಾಳೆ ನೋಡ್ಬೇಕು. ನಾನು ಎರಡು ತಿಂಗ್ಳು ಈ ಕೆಲ್ಸದಲ್ಲಿ ಟೈಮ್ ಎಲ್ಲಿ ಹೋಗುತ್ತೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಎರಡ್ನೇ ತಿಂಗ್ಳದ ಲೆಕ್ಕ ಹೀಗಿತ್ತು: ಒಟ್ಟು 1,140 ಬಿಲ್, VLOOKUP ಹಾಕಿದ್ರೆ 730 ಹೊಂದಿದ್ವು, ಉಳಿದ 410 ನಾನೂ ಟೀಮಿನ ಇನ್ನೊಬ್ರೂ ಕಣ್ಣಲ್ಲೇ ನೋಡಿ ಹುಡುಕಿದ್ದು. ಆ 410ರಲ್ಲಿ 260 ಬಿಲ್ ನಿಜವಾಗ್ಲೂ ಸರಿಯಾಗೇ ಇದ್ವು, ನಂಬರ್ ಬರೆಯೋ ರೀತಿ ಮಾತ್ರ ಬೇರೆ. ಸಪ್ಲೈಯರ್ "24-25/0387" ಅಂತ ಅಪ್‌ಲೋಡ್ ಮಾಡಿರ್ತಾರೆ, ನಮ್ಮ ಹುಡುಗ ಟ್ಯಾಲಿಯಲ್ಲಿ ಬರೀ "387" ಅಂತ ಹೊಡ್ದಿರ್ತಾನೆ. ಇಬ್ಬರದೂ ಸೇರಿ ಆ ತಿಂಗ್ಳು 38 ಗಂಟೆ ಹಿಡೀತು, ಅದ್ರಲ್ಲಿ 17 ಗಂಟೆ ಈ 260 ಬಿಲ್ಲಿಗೇ ಹೋಗಿತ್ತು.

ಇಲ್ಲಿ ತುಂಬಾ ಜನ "17 ಗಂಟೆ ಉಳಿಯುತ್ತೆ, ಗಂಟೆಗೆ ಇಷ್ಟು ರೂಪಾಯಿ" ಅಂತ ಲೆಕ್ಕ ಹಾಕಿ ತೋರಿಸ್ತಾರೆ. ನನ್ನ ಪ್ರಕಾರ ಅದು ಬೇಡ. ಗಂಟೆ ಉಳಿದ್ರೂ ನಮ್ಮ ಸಂಬಳ ಕಡ್ಮೆ ಆಗಲ್ಲ, ಅದು ಮ್ಯಾನೇಜರಿಗೆ ಚೆನ್ನಾಗಿ ಗೊತ್ತು. ಅವ್ರಿಗೆ ನಿಜವಾಗ್ಲೂ ನೋಯೋ ಜಾಗ ಬೇರೆ ಇರುತ್ತೆ, ಅದನ್ನ ಹುಡುಕ್ಬೇಕು. ನಮ್ಮಲ್ಲಿ ಆ ತಿಂಗ್ಳು 20ನೇ ತಾರೀಕಿನೊಳ್ಗೆ ತಾಳೆ ಮುಗೀದೆ ಖರೀದಿ ಮೇಲೆ ಕಟ್ಟಿದ್ದ ಜಿಎಸ್‌ಟಿಯಲ್ಲಿ 1.8 ಲಕ್ಷದ ಕ್ರೆಡಿಟ್ ತಗೊಳ್ಳಕ್ಕಾಗ್ದೆ ಮುಂದಿನ ತಿಂಗ್ಳಿಗೆ ಹೋಯ್ತು, ಅಷ್ಟು ಟ್ಯಾಕ್ಸ್ ಕ್ಯಾಶಲ್ಲೇ ಕಟ್ಟಿದ್ವಿ, ಡೈರೆಕ್ಟರ್ ನಮ್ಮ ಮ್ಯಾನೇಜರನ್ನ ಕರ್ದು ಕೇಳಿದ್ರು. ನಾನು ಬರ್ದ ಅರ್ಧ ಪುಟದಲ್ಲಿ ಮೊದಲ್ನೇ ಸಾಲೇ ಇದು, ಕೋರ್ಸಿನ ಹೆಸ್ರು ಬಂದಿದ್ದು ನಾಲ್ಕನೇ ಸಾಲಲ್ಲಿ. ಕೆಳಗೆ ಕೋರ್ಸಿನ ಯಾವ ಪಾಠ ನಮ್ಮ ಯಾವ ಕೆಲ್ಸಕ್ಕೆ ಅಂತ ಎರಡೇ ಎರಡು: ಟೆಕ್ಸ್ಟ್ ಸರಿ ಮಾಡೋ ಪಾಠ ಬಿಲ್ ನಂಬರಿಗೆ, ಎರಡು ಪಟ್ಟಿ ಸೇರ್ಸೋ ಮರ್ಜ್ ಪಾಠ ತಾಳೆ ನೋಡೋದಕ್ಕೆ.

ಕೋರ್ಸಿಂದ ಏನಾಗಲ್ಲ ಅನ್ನೋದನ್ನೂ ಬರೀರಿ, ದಯವಿಟ್ಟು ಇದನ್ನ ಬಿಡ್ಬೇಡಿ. ಉಳಿದ 150 ಬಿಲ್ಲಲ್ಲಿ ಸಪ್ಲೈಯರ್ ರಿಟರ್ನೇ ಹಾಕಿರಲ್ಲ ಇಲ್ಲಾ ಅಮೌಂಟ್ ತಪ್ಪು ಹಾಕಿರ್ತಾರೆ, ಅದಕ್ಕೆ ಫೋನ್ ಮಾಡೋದೇ ದಾರಿ, ಯಾವ ಕೋರ್ಸೂ ಅದನ್ನ ಸರಿ ಮಾಡಲ್ಲ. ಆದ್ರೆ ಆ 260 ಬೇಗ ಮುಗಿದ್ರೆ ಫೋನ್ 18ಕ್ಕಲ್ಲ, 15ಕ್ಕೇ ಶುರು ಮಾಡ್ಬೋದು. ಸರ್ ಪೆನ್ನಲ್ಲಿ ಅಂಡರ್‌ಲೈನ್ ಮಾಡಿದ್ದು ಈ ಸಾಲನ್ನೇ.

ಹೋಗೋ ಮುಂಚೆ ನಾನೇ ಒಂದು 50 ಬಿಲ್ ತಗೊಂಡು ಎಕ್ಸೆಲ್‌ನಲ್ಲಿ ಟ್ರೈ ಮಾಡಿದ್ದೆ. ಪವರ್ ಕ್ವೆರಿಯಲ್ಲಿ ಹೊಸ ಕಾಲಮ್ ಸೇರ್ಸಿ ಇಷ್ಟೇ ಬರ್ದಿದ್ದು (ಬಿಲ್ ನಂಬರ್ ಕಾಲಮ್ ಟೆಕ್ಸ್ಟ್ ಆಗಿರ್ಬೇಕು):

```
Text.TrimStart(List.Last(Text.Split([InvNo], "/")), "0")
```

ಗೆರೆ ಆದ್ಮೇಲಿನ ಭಾಗ ತಗೊಂಡು ಮುಂದಿನ ಸೊನ್ನೆ ತೆಗೆಯುತ್ತೆ, "24-25/0387" ಹೋಗಿ "387" ಆಗುತ್ತೆ. ಸರ್ ನೋಡಿ, ನಾನು ಹೆದರಿದ್ದ ಪ್ರಶ್ನೆನೇ ಕೇಳಿದ್ರು: "ನೀನೇ ಮಾಡಿದ್ಯಲ್ಲಮ್ಮ, ಇನ್ನು ಕೋರ್ಸ್ ಯಾಕೆ?" ನಾನು ಮರ್ಜ್ ಮಾಡಿದ ಶೀಟ್ ತೆಗ್ದು ತೋರಿಸ್ದೆ, 50 ಸಾಲು ಹೋಗಿ 53 ಆಗಿತ್ತು, ಟೋಟಲ್ಲೂ ಜಾಸ್ತಿ ಬರ್ತಿತ್ತು. ಬೇರೆ ಬೇರೆ ಸಪ್ಲೈಯರ್‌ದು ಒಂದೇ "387" ಇದ್ರೆ, ಇಲ್ಲಾ ಹೋದ ವರ್ಷದ 387ನೂ 2ಬಿಯಲ್ಲಿ ಬಂದಿದ್ರೆ, ಒಂದು ಸಾಲಿಗೆ ಎರಡು ಹೊಂದ್ಕೊಂಡು ಸಾಲು ಡಬಲ್ ಆಗುತ್ತೆ. 50ರಲ್ಲಿ ಆದ್ರೆ ಕಣ್ಣಿಗೆ ಬೀಳುತ್ತೆ, 1,140ರಲ್ಲಿ ಬೀಳಲ್ಲ, ತಪ್ಪು ಕ್ರೆಡಿಟ್ ತಗೊಂಡುಬಿಡ್ತೀವಿ. "ಸಪ್ಲೈಯರ್ ಜಿಎಸ್‌ಟಿ ನಂಬರ್, ಅಂದ್ರೆ ಜಿಎಸ್‌ಟಿಐಎನ್ನೂ ಸೇರಿಸ್ಬೇಕು ಅಂತ ಗೊತ್ತಾಯ್ತು ಸರ್, ಆಮೇಲೂ ಉಳ್ಯೋದನ್ನ ಹೇಗೆ ಹಿಡಿಯೋದು ಅಂತ ಗೊತ್ತಿಲ್ಲ, ಕಲೀಬೇಕಿರೋದು ಅದೇ" ಅಂದೆ. ನೀವೂ ಹೀಗೆ ನಿಮ್ಮದೇ ಡೇಟಾದಲ್ಲಿ ಎಲ್ಲಿಗೆ ಬಂದು ನಿಂತ್ರಿ ಅಂತ ತೋರ್ಸಿ, ಅದಕ್ಕಿಂತ ಒಳ್ಳೆ ಕಾರಣ ನನಗೆ ಗೊತ್ತಿಲ್ಲ.

ದುಡ್ಡಿನ ವಿಷ್ಯ. ಫೀಸ್ 12,000, ಮೇಲೆ 18% ಜಿಎಸ್‌ಟಿ 2,160, ಒಟ್ಟು 14,160. ನಮ್ಮ ಸರ್ 15,000ದವರೆಗೂ ಡೈರೆಕ್ಟರನ್ನ ಕೇಳ್ದೆ ಪಾಸ್ ಮಾಡ್ಬೋದು, ಅದನ್ನ ಮೊದ್ಲೇ ತಿಳ್ಕೊಂಡಿದ್ದೆ, 20,000ದ ಇನ್ನೊಂದು ಕೋರ್ಸ್ ಬಿಟ್ಟು ಇದನ್ನ ಆರಿಸಿದ್ದೂ ಅದಕ್ಕೇ. ಮತ್ತೆ, ನಿಮ್ಮ ಕಾರ್ಡಲ್ಲಿ ಕಟ್ಟಿ ಆಮೇಲೆ ರಿಇಂಬರ್ಸ್ ಮಾಡ್ಸ್ಕೊಳ್ಳೋಣ ಅನ್ಬೇಡಿ, ಬಿಲ್ ನಿಮ್ಮ ಹೆಸ್ರಲ್ಲಿ ಬಂದ್ರೆ ಆ 2,160 ಕ್ರೆಡಿಟ್ ಕಂಪನಿಗೆ ಸಿಗಲ್ಲ. ಕಂಪನಿ ಹೆಸ್ರು, ಕಂಪನಿ ಜಿಎಸ್‌ಟಿಐಎನ್ ಹಾಕಿ ಬಿಲ್ ಕೊಡ್ತಾರಾ ಅಂತ ಕೋರ್ಸಿನವ್ರನ್ನ ಮೊದ್ಲೇ ಕೇಳಿ.

ಕೇಳೋ ದಿನನೂ ಮುಖ್ಯ. 11ರಿಂದ 20ರವರೆಗೂ ಹೋಗ್ಲೇಬೇಡಿ, ಮಾರ್ಚ್ ಕೊನೆ, ಆಡಿಟ್ ಟೈಮೂ ಬೇಡ. ನಾನು 22ಕ್ಕೆ ಹೋದೆ, 20ರ ನೋವು ಇನ್ನೂ ಹಸಿಯಾಗಿತ್ತು, ಆದ್ರೆ ಕೂತು ಮಾತಾಡೋಕೆ ಅವ್ರಿಗೆ ಪುರುಸೊತ್ತಿತ್ತು.

ಒಪ್ಪಿದ್ರು, ಆದ್ರೆ ಒಂದು ವರ್ಷದೊಳ್ಗೆ ಕೆಲ್ಸ ಬಿಟ್ರೆ ಪೂರ್ತಿ ಫೀಸ್ ವಾಪಸ್ ಕೊಡ್ಬೇಕು ಅಂತ ಕಂಡೀಶನ್ ಬಂತು. ತಿಂಗ್ಳು ತಿಂಗ್ಳಿಗೆ ಕಡ್ಮೆ ಆಗೋ ಹಾಗೆ ಬರೀರಿ ಸರ್ ಅಂತ ಕೇಳ್ಕೊಂಡೆ, ಆರು ತಿಂಗ್ಳಾದ್ಮೇಲೆ ಬಿಟ್ರೆ ಅರ್ಧ ಅಷ್ಟೇ, ಬರ್ದುಕೊಟ್ರು. ಈ ಮಾತು ಸೈನ್ ಹಾಕೋಕ್ಮುಂಚೆ ಆಗ್ಬೇಕು.

ಕೋರ್ಸ್ ಮುಗಿದು ಮೂರ್ನೇ ತಿಂಗ್ಳಿಗೆ ಆ 17 ಗಂಟೆ ಕೆಲ್ಸ 4 ಗಂಟೆಗೆ ಬಂತು. ಮೊದಲ್ನೇ ತಿಂಗ್ಳು ಮಾತ್ರ ಹಳೇ ರೀತಿಲೂ ಹೊಸ ರೀತಿಲೂ ಎರಡೂ ಮಾಡಿ ಹೋಲಿಸ್ದೆ, ಅದಕ್ಕೆ ಟೈಮ್ ಜಾಸ್ತಿನೇ ಹಿಡೀತು, ಅದನ್ನೂ ಸರ್‌ಗೆ ಮುಂಚೆನೇ ಹೇಳಿಟ್ಟಿದ್ದೆ. ಈ ತಿಂಗ್ಳು 14ಕ್ಕೆ 2ಬಿ ಇಳಿಸ್ದಾಗ್ಲೇ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಳ್ಳಿ, ಹೊಂದದೇ ಇರೋ ಪ್ರತಿ ಬಿಲ್ಲಿನ ಮುಂದೆ ಕಾರಣ ಒಂದೇ ಪದದಲ್ಲಿ ಬರೀತಾ ಹೋಗಿ.