ಸಿಂಗಪುರದ ಬಾಡಿಗೆ ಕರಾರು: ಸಹಿಗೆ ಮುಂಚೆ

“ಅಕ್ಕಾ, ಮುಂದಿನ ತಿಂಗಳು ಕೆಲಸಕ್ಕೆ ಸಿಂಗಪುರಕ್ಕೆ ಬರ್ತಿದ್ದೀನಿ. ಮನೆ ಕರಾರು ಎರಡು ವರ್ಷಕ್ಕೆ, ಬಾಡಿಗೆ 3,500 ಡಾಲರ್. ಲೆಸ್ಸಿ, ಸೆಕ್ಯುರಿಟಿ ಡೆಪಾಸಿಟ್, ಲಾಕ್-ಇನ್ ಅಂತೆಲ್ಲ ಇದೆ. ಏನು ಹಾಗಂದ್ರೆ?”

ಲೆಸ್ಸಿ ಅಂದ್ರೆ ನೀನೇ, ಬಾಡಿಗೆದಾರ. ಮನೆ ಮಾಲೀಕರು ಲೆಸ್ಸರ್. ಬೆಂಗಳೂರಲ್ಲಿ ‘ಮನೆ ಲೀಸಿಗೆ ಹಾಕ್ಕೊಂಡೆ’ ಅಂದ್ರೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರೋದು, ಭೋಗ್ಯ. ಇಲ್ಲಿ ಲೀಸ್ ಅಂದ್ರೆ ತಿಂಗಳ ಬಾಡಿಗೆಯ ಕರಾರೇ.

ಸೆಕ್ಯುರಿಟಿ ಡೆಪಾಸಿಟ್ ನಮ್ಮೂರಿನ ಅಡ್ವಾನ್ಸ್. ಒಂದು ವರ್ಷದ ಕರಾರಿಗೆ ಒಂದು ತಿಂಗಳ ಬಾಡಿಗೆ, ಎರಡು ವರ್ಷಕ್ಕೆ ಎರಡು ತಿಂಗಳದ್ದು ವಾಡಿಕೆ. ನಿನಗೆ 7,000 ಆಗುತ್ತೆ, ಬಡ್ಡಿ ಬರಲ್ಲ. ಕೊನೆಯ ತಿಂಗಳ ಬಾಡಿಗೆ ಅದರಲ್ಲೇ ಮುರ್ಕೊಳ್ಳಿ ಅನ್ನೋಕೆ ಸಾಮಾನ್ಯವಾಗಿ ಕರಾರು ಬಿಡಲ್ಲ. ನನ್ನ ಮೊದಲ ಮನೆಯಲ್ಲಿ ನಾನು ಬರೋ ಮುಂಚೆಯೇ ಇದ್ದ ಗೋಡೆ ಕಲೆಗೆ ದುಡ್ಡು ಹಿಡಿದರು. ನನ್ನ ಹತ್ತಿರ ಫೋಟೋ ಇರಲಿಲ್ಲ, ವಾದ ಮಾಡೋಕೆ ಆಗಲಿಲ್ಲ. ಕೀ ಕೈಗೆ ಬಂದ ದಿನವೇ ಗೋಡೆ, ನೆಲ, ಏಸಿ, ಒಲೆ ಎಲ್ಲದರ ಫೋಟೋ ತೆಗೆದು ಏಜೆಂಟರಿಗೂ ಮಾಲೀಕರಿಗೂ ಕಳಿಸಿಬಿಡು. ಏಸಿ ಸರ್ವಿಸ್ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು ಅಂತ ಇದ್ದರೆ ಆ ರಸೀದಿಗಳನ್ನೂ ಎತ್ತಿಡು.

ಲಾಕ್-ಇನ್ ಕಡೆ ಹೆಚ್ಚು ಗಮನ ಕೊಡು. ಕರಾರಲ್ಲಿ ಲಾಕ್-ಇನ್ ಅಂತ ಬರೆದಷ್ಟು ಕಾಲ ಮನೆ ಬಿಡುವಂತಿಲ್ಲ, ಬಿಟ್ಟರೂ ಬಾಡಿಗೆ ಕೇಳಬಹುದು. ಜೊತೆಗೆ ‘ಡಿಪ್ಲೊಮ್ಯಾಟಿಕ್ ಕ್ಲಾಝ್’ ಅನ್ನೋ ಷರತ್ತು ಇದೆಯಾ ನೋಡು. ಹೆಸರು ಹಾಗಿದ್ರೂ ಅದು ಬೇರೆ ದೇಶದಿಂದ ಬಂದ ನಮ್ಮಂಥ ನೌಕರರಿಗೂ ಇರೋದು. ಕೆಲಸ ಹೋದರೆ, ಅಥವಾ ಕಂಪನಿ ಬೇರೆ ದೇಶಕ್ಕೆ ವರ್ಗ ಮಾಡಿದರೆ, ಪತ್ರ ತೋರಿಸಿ ಕರಾರು ಮುರಿಯಬಹುದು. ಸಾಮಾನ್ಯವಾಗಿ ಹೇಗಿರುತ್ತೆ ಅಂದ್ರೆ, 12 ತಿಂಗಳು ಮುಗಿದ ಮೇಲೆ ಎರಡು ತಿಂಗಳ ನೋಟಿಸ್. ಅಂದ್ರೆ ಲೆಕ್ಕಕ್ಕೆ 14 ತಿಂಗಳು ನೀನು ಕಟ್ಟಿಹಾಕಿಕೊಂಡ ಹಾಗೆ. ಎಂಟನೇ ತಿಂಗಳಲ್ಲಿ ಕೆಲಸ ಹೋದರೆ ಈ ಷರತ್ತು ನಿನ್ನನ್ನು ಕಾಪಾಡಲ್ಲ. ಬೇರೆ ಬಾಡಿಗೆದಾರರನ್ನು ಹುಡುಕಿಕೊಟ್ಟು ಮಾಲೀಕರನ್ನು ಒಪ್ಪಿಸಬೇಕು, ಇಲ್ಲವಾದ್ರೆ 7,000 ಹೋಗಬಹುದು, ಅದರ ಮೇಲೂ ಕೇಳಬಹುದು. ಷರತ್ತು ಬಳಸಿ ಬಿಟ್ಟರೂ ಮಾಲೀಕರು ಕೊಟ್ಟ ಏಜೆಂಟ್ ಕಮಿಷನ್‌ನಲ್ಲಿ ಉಳಿದ ತಿಂಗಳುಗಳ ಪಾಲನ್ನು ಮಾಲೀಕರಿಗೆ ತುಂಬಿಕೊಡಬೇಕು ಅಂತ ಬಹಳ ಕರಾರುಗಳಲ್ಲಿ ಇರುತ್ತೆ. ಆ ಷರತ್ತೇ ಇಲ್ಲದಿದ್ದರೆ ಸಹಿ ಹಾಕೋ ಮುಂಚೆ ಸೇರಿಸಿಸು. ಒಪ್ಪದಿದ್ದರೆ ಒಂದೇ ವರ್ಷದ ಕರಾರು ಕೇಳು.

ಕರಾರಿಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟೋದು ಬಾಡಿಗೆದಾರ. ಒಟ್ಟು ಬಾಡಿಗೆಯ 0.4%, 84,000ಕ್ಕೆ 336 ಡಾಲರ್. ಇಲ್ಲಿ ಸಹಿಯಾದ 14 ದಿನದೊಳಗೆ ಆಗಬೇಕು. ಡೆಪಾಸಿಟ್ ಜಗಳ ಸಣ್ಣ ಮೊತ್ತದ ವ್ಯಾಜ್ಯ ನೋಡೋ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಹೋದಾಗ ಸ್ಟ್ಯಾಂಪ್ ಇರೋ ಕರಾರೇ ನಿನ್ನ ಆಧಾರ, ಸ್ಟ್ಯಾಂಪ್ ಸರ್ಟಿಫಿಕೇಟಿನ ಪ್ರತಿ ಏಜೆಂಟರಿಂದ ಕೇಳಿ ಇಸ್ಕೊ.

ಲಾಕ್-ಇನ್ ಇರೋ ಪುಟದ ಫೋಟೋ ನನಗೆ ಕಳಿಸು, ಎಷ್ಟು ತಿಂಗಳು ಅಂತ ಜೊತೆಗೆ ಓದೋಣ.