ಆಟದ ಸದ್ದು ಸರಿ, ನನ್ನ ದನಿ ಮಾತ್ರ ರೋಬೋಟ್: ಹೆಡ್‌ಸೆಟ್ ಬದಲಿಸಬೇಕೇ?

ಪ್ರಶ್ನೆ: ಗೇಮಿಂಗ್ ಹೆಡ್‌ಸೆಟ್‌ನಲ್ಲಿ ನನಗೆ ಆಟದ ಸದ್ದು ಪಕ್ಕಾ ಕೇಳ್ತದೆ. ಟೀಮಿನವರಿಗೆ ಮಾತ್ರ ನನ್ನ ದನಿ ರೋಬೋಟ್ ಥರ, ತುಂಡು ತುಂಡಾಗಿ ಹೋಗ್ತದಂತೆ. ಮೈಕ್ ಹಾಳಾಗಿರಬೇಕು. 3000 ರೂಪಾಯಿಯೊಳಗೆ ಒಳ್ಳೆಯ ಮೈಕ್ ಇರುವ ಹೆಡ್‌ಸೆಟ್ ಯಾವುದು?

ಉತ್ತರ: ಹೆಡ್‌ಸೆಟ್‌ನ ಹೆಸರು ನಾನು ಹೇಳುವುದಿಲ್ಲ. ಇದೇ ದೂರಿಗೆ ನಾನು ಎರಡು ಹೆಡ್‌ಸೆಟ್ ಕೊಂಡವನು. ಎರಡನೆಯದನ್ನು ಹಾಕಿಕೊಂಡು ಕೂತ ದಿನವೂ ಪುತ್ತೂರಿನ ಗೆಳೆಯ ಕೇಳಿದ್ದು ಅದೇ ಪ್ರಶ್ನೆ: "ಎಂತ ಮಾರಾಯ, ತಗಡಿನ ಡಬ್ಬಿಯೊಳಗೆ ಕೂತು ಮಾತಾಡ್ತಾ ಇದ್ದೀಯಾ?"

ನೀವು ಎಡವುತ್ತಿರುವುದು "ಆಟದ ಸದ್ದು ಸರಿ ಇದೆ" ಎನ್ನುವ ಮಾತಿನಲ್ಲಿ. ಗುಂಡಿನ ಸದ್ದು, ಹೆಜ್ಜೆಯ ಸದ್ದು ಇಂಟರ್ನೆಟ್‌ನಿಂದ ಬರುವುದಲ್ಲ. ಅವು ನಿಮ್ಮ ಕಂಪ್ಯೂಟರ್‌ನ ಡಿಸ್ಕಿನಲ್ಲೇ ಇರುತ್ತವೆ. ಸರ್ವರ್ "ಇಂಥವನು ಇಲ್ಲಿ ಗುಂಡು ಹಾರಿಸಿದ" ಎಂದಷ್ಟೇ ತಿಳಿಸುತ್ತದೆ, ಸದ್ದು ಹೊರಡಿಸುವುದು ನಿಮ್ಮ ಯಂತ್ರ. ಹಾಗಾಗಿ ಲೈನ್ ಎಷ್ಟು ಕೆಟ್ಟಿದ್ದರೂ ಆಟದ ಸದ್ದು ಕೆಡುವುದಿಲ್ಲ. ಗೆಳೆಯರ ದನಿ ನಿಮಗೆ ಸರಿಯಾಗಿ ಕೇಳಿದರೂ ಅಷ್ಟೇ: ಅದು ಡೌನ್‌ಲೋಡ್ ದಾರಿ. ನಿಮ್ಮ ದನಿ ಹೋಗುವುದು ಅಪ್‌ಲೋಡ್ ದಾರಿಯಲ್ಲಿ.

ಆ ರೋಬೋಟ್ ದನಿ ಎಲ್ಲಿ ಹುಟ್ಟುತ್ತದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಡಿಸ್ಕಾರ್ಡ್‌ನಂಥ ವಾಯ್ಸ್ ಚಾಟ್ ಆ್ಯಪ್‌ಗಳು ದನಿಯನ್ನು ಓಪಸ್ ಎಂಬ ಕೋಡೆಕ್‌ನಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕು ಮಾಡಿ ಕಳಿಸುತ್ತವೆ, ಅಂದರೆ ಸೆಕೆಂಡಿಗೆ 50 ಪ್ಯಾಕೆಟ್. ಒಂದು ಪ್ಯಾಕೆಟ್ ತಲುಪದಿದ್ದರೆ, ಅಥವಾ ತಡವಾಗಿ ತಲುಪಿದರೆ, ಕೇಳುವವರ ಕಡೆಯ ಓಪಸ್ ಸುಮ್ಮನಿರುವುದಿಲ್ಲ. ಹಿಂದಿನ ತುಣುಕಿನ ನಾದವನ್ನೇ ಎಳೆದು ಖಾಲಿ ಜಾಗ ತುಂಬುತ್ತದೆ. ಆ ಎಳೆತವೇ ತಗಡಿನ ದನಿ. ಸ್ವರ ಉದ್ದವಾಗುತ್ತದೆ, ವ್ಯಂಜನ ಹಾರಿಹೋಗುತ್ತದೆ. ನಾನು "ಬಿ" ಎಂದರೆ ಗೆಳೆಯನಿಗೆ "ಈಈ" ಎಂದು ಕೇಳುತ್ತಿತ್ತು, ಅವನು "ಡಿ" ಎಂದುಕೊಂಡು ಬೇರೆ ಕಡೆ ಓಡುತ್ತಿದ್ದ. ಮೈಕ್ ಕೆಟ್ಟರೆ ಹೀಗಾಗುವುದಿಲ್ಲ. ಕೆಟ್ಟ ಮೈಕ್ ಗೊರಗುಟ್ಟುತ್ತದೆ, ಚರಪರ ಎನ್ನುತ್ತದೆ, ಇಲ್ಲವೇ ಸಣ್ಣಗೆ ಕೇಳುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಪರೀಕ್ಷೆ ಮಾಡಿದ್ದೆ, ಆದರೆ ಮಧ್ಯಾಹ್ನ, ಆಟ ಮುಚ್ಚಿಟ್ಟು. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 40 ಎಂಬಿಪಿಎಸ್ ಬಂತು, ಅಪ್‌ಲೋಡ್ 6. ಡಿಸ್ಕಾರ್ಡ್‌ನ ಸಾಮಾನ್ಯ ಚಾನೆಲ್‌ಗೆ ಬೇಕಾಗುವುದು 64 ಕೆಬಿಪಿಎಸ್, ಹೆಡರ್‌ಗಳನ್ನು ಸೇರಿಸಿದರೂ 100ರ ಸುತ್ತಮುತ್ತ. ಅದರ ಅರವತ್ತು ಪಟ್ಟು ಇದೆಯಲ್ಲ, ನೆಟ್‌ನ ತೊಂದರೆ ಅಲ್ಲವೇ ಅಲ್ಲ ಎಂದು ತೀರ್ಮಾನಿಸಿ ಹೆಡ್‌ಸೆಟ್ ಅಂಗಡಿಗೆ ಹೋದೆ. ದನಿ ಕೆಡುತ್ತಿದ್ದದ್ದು ಮಾತ್ರ ದಿನಾ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ. ಆ ಹೊತ್ತಿನಲ್ಲಿ ಒಮ್ಮೆಯೂ ಅಳೆಯಲಿಲ್ಲ, ಯಾಕೆಂದರೆ ಆಗ ಆಡುತ್ತಿದ್ದೆ.

ಎಂಟೂವರೆಗೆ ಏನಾಗುತ್ತಿತ್ತು? ಭಾವ ಶಾರ್ಜಾದಲ್ಲಿದ್ದಾರೆ. ಅಲ್ಲಿ ಆಗ ಏಳು ಗಂಟೆ. ಡ್ಯೂಟಿ ಮುಗಿಸಿ ರೂಮಿಗೆ ಬಂದು ಫೋನಿನಲ್ಲಿ ನಮ್ಮ ಮನೆಯ ಸಿಸಿಟಿವಿ ತೆರೆಯುತ್ತಿದ್ದರು: ಗೇಟು, ಅಂಗಳ, ಅಡಿಕೆ ಒಣಗಿಸುವ ಜಾಗ, ಕೊಟ್ಟಿಗೆ. ನಾಲ್ಕು ಕ್ಯಾಮೆರಾ, ಒಂದೊಂದಕ್ಕೆ 2 ಎಂಬಿಪಿಎಸ್, ಒಟ್ಟು 8. ಇದ್ದ ಅಪ್‌ಲೋಡ್ 6. ಸೆಕೆಂಡಿಗೆ 2 ಮೆಗಾಬಿಟ್ ಹೆಚ್ಚುವರಿ ರೂಟರ್‌ನೊಳಗೆ ಸಾಲುಗಟ್ಟುತ್ತಾ ಹೋಗುತ್ತದೆ. ಸಾಲು ನಿಲ್ಲುವ ಜಾಗವಾದ ರೂಟರ್‌ನ ಬಫರ್ 512 ಕೆಬಿ ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 4 ಮೆಗಾಬಿಟ್. ಎರಡು ಸೆಕೆಂಡಿನಲ್ಲಿ ಅದು ತುಂಬುತ್ತದೆ. ಆಮೇಲೆ ನನ್ನ ದನಿಯ ಪ್ರತಿ ಪ್ಯಾಕೆಟ್ಟೂ ಆ ಸಾಲಿನ ಬಾಲದಲ್ಲಿ ನಿಲ್ಲಬೇಕು: 4 ಮೆಗಾಬಿಟ್ಟನ್ನು 6ರ ವೇಗದಲ್ಲಿ ಖಾಲಿ ಮಾಡಲು ಸೆಕೆಂಡಿನ ಮೂರರಲ್ಲಿ ಎರಡು ಭಾಗ. ಸಾಲು ಹಿಡಿಸದಷ್ಟಾದಾಗ ಉಳಿದದ್ದು ಬಿಸಾಕಿಹೋಗುತ್ತದೆ, ಸುಮಾರು ನಾಲ್ಕರಲ್ಲೊಂದು ಪ್ಯಾಕೆಟ್. ದನಿಗೆ ಬೇಕಾದದ್ದು ಎಳ್ಳಿನಷ್ಟು ಜಾಗ. ಆದರೆ ಜಾಗ ಇದ್ದರೆ ಸಾಲದು, ಸರದಿಯೂ ಬೇಗ ಬರಬೇಕು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಆಟದ ಪಿಂಗ್ ಕೂಡ ಆಗ ನೂರಾರಕ್ಕೆ ಏರುತ್ತಿತ್ತು, ನಾನು ಸರ್ವರ್‌ಗೆ ಬಯ್ಯುತ್ತಿದ್ದೆ.

ನಿಮ್ಮಲ್ಲಿ ಕ್ಯಾಮೆರಾ ಇಲ್ಲದಿರಬಹುದು. ಸಂಜೆ ವೈಫೈಗೆ ಸಿಕ್ಕಿದ ಕೂಡಲೇ ಮದುವೆಯ ವೀಡಿಯೊ ಬ್ಯಾಕಪ್ ಮಾಡುವ ಅಕ್ಕನ ಫೋನ್ ಇದ್ದರೂ ಸಾಕು.

ಆದ್ದರಿಂದ ಅಳೆಯುವುದಾದರೆ ದನಿ ಕೆಡುವ ಹೊತ್ತಿನಲ್ಲೇ, ಆಟ ನಡೆಯುತ್ತಿರುವಾಗಲೇ ಅಳೆಯಿರಿ. ಮೊದಲು ವಿಂಡೋಸ್‌ನ Sound Recorder ತೆರೆದು (ವಿಂಡೋಸ್ 10ರಲ್ಲಿ Voice Recorder) ಅದೇ ಮೈಕ್‌ನಲ್ಲಿ ಒಂದರಿಂದ ನೂರರವರೆಗೆ ಎಣಿಸಿ, ಟೀಮಿನವರೂ ಕೇಳುತ್ತಿರಲಿ. ಅವರು "ಈಗ ತುಂಡಾಯಿತು" ಎಂದ ಸಂಖ್ಯೆ ಬರೆದಿಟ್ಟುಕೊಂಡು ರೆಕಾರ್ಡಿಂಗ್‌ನಲ್ಲಿ ಅದೇ ಸಂಖ್ಯೆ ಕೇಳಿ. ಅಲ್ಲಿ ಶುದ್ಧವಾಗಿದ್ದರೆ ಹೆಡ್‌ಸೆಟ್ ನಿರಪರಾಧಿ. ಆಮೇಲೆ ಡಿಸ್ಕಾರ್ಡ್‌ನ ಎಡ ಕೆಳಮೂಲೆಯಲ್ಲಿ Voice Connected ಎಂದಿರುವಲ್ಲಿ ಒತ್ತಿ, Outbound packet loss ನೋಡಿ. ನನಗೆ ಕಂಡದ್ದು 18 %. ಸೊನ್ನೆ ಅಥವಾ ಅದರ ಹತ್ತಿರ ಇರಬೇಕಾದ ಅಂಕಿ ಅದು. ಜೊತೆಗೆ ಎರಡು ಕಮಾಂಡ್ ಕಿಟಕಿ ತೆರೆದು ಒಂದೊಂದರಲ್ಲಿ ಒಂದೊಂದು ಓಡಿಸಿ. ಮೊದಲನೆಯದರಲ್ಲಿ ನಿಮ್ಮ ರೂಟರ್‌ನ ವಿಳಾಸ ಹಾಕಿ, ಎರಡನೆಯದು ಹೊರಗಿನ ಇಂಟರ್ನೆಟ್‌ನ ಒಂದು ವಿಳಾಸ:

```
ping -n 100 192.168.1.1
ping -n 100 1.1.1.1
```

ರೂಟರ್‌ಗೆ 1-5 ಮಿಲಿಸೆಕೆಂಡು, ಹೊರಗೆ ಮಾತ್ರ ನೂರಾರು ಬಂದರೆ ನನ್ನದೇ ಕಥೆ: ಅಪ್‌ಲೋಡ್ ಸಾಲು. ಯಾರ ಯಂತ್ರ ಕಾರಣ ಎಂದು ಹಿಡಿಯಲು ಮನೆಯ ಒಂದೊಂದೇ ಫೋನಿನ ವೈಫೈ ಆಫ್ ಮಾಡುತ್ತಾ ಪಿಂಗ್ ನೋಡಿ. ಕ್ಯಾಮೆರಾಗಳ ರೆಕಾರ್ಡರ್ ಪೆಟ್ಟಿಗೆಯಾದ ಡಿವಿಆರ್‌ನ ಕೇಬಲ್ ಎಳೆದದ್ದೇ ನನ್ನ ಪಿಂಗ್ 28ಕ್ಕೆ ಇಳಿಯಿತು. ರೂಟರ್‌ಗೇ ನೂರಾರು ಬಂದರೆ ಅದು ನಿಮ್ಮ ವೈಫೈ. ಲ್ಯಾಪ್‌ಟಾಪ್‌ನ ಆಂಟೆನಾ ಸಾಮಾನ್ಯವಾಗಿ ರೂಟರ್‌ನದಕ್ಕಿಂತ ದುರ್ಬಲ. ರೂಟರ್‌ನ ಕೂಗು ಕೋಣೆಗೆ ತಲುಪುತ್ತದೆ, ನಿಮ್ಮ ಕೂಗು ಕೆಂಪುಕಲ್ಲಿನ ಎರಡು ಗೋಡೆ ದಾಟಿ ರೂಟರ್‌ಗೆ ತಲುಪುವುದಿಲ್ಲ. ಅದಕ್ಕೂ ಹೊರಹೋಗುವ ದನಿಯೇ ಮೊದಲು ಬಲಿ. ಮದ್ದು ಒಂದೇ: ಲ್ಯಾನ್ ಕೇಬಲ್. ಮನೆಯಲ್ಲಿ ಯಾರೂ ಏನೂ ಕಳಿಸದಿದ್ದರೂ ಹೊರಗಿನ ಪಿಂಗ್ ಕೆಟ್ಟಿದ್ದರೆ ಎರಡೂ ಕಿಟಕಿಯ ಫೋಟೊ ತೆಗೆದು ಕೇಬಲ್‌ನವರಿಗೆ ಕಳಿಸಿ. "ನೆಟ್ ಸ್ಲೋ" ಎಂದು ಫೋನ್ ಮಾಡಿದರೆ ಅವರು ಸ್ಪೀಡ್ ಟೆಸ್ಟ್ ಮಾಡಿ ತೋರಿಸಿ ಹೋಗುತ್ತಾರೆ.

ಸಾಲನ್ನು ಕರಗಿಸಲು ನಾನು ಮಾಡಿದ್ದು ಎರಡು. ಭಾವನಿಗೆ "ಭಾವ, ಆ್ಯಪ್‌ನಲ್ಲಿ HD ಬಿಟ್ಟು SDಯಲ್ಲಿ ನೋಡಿ" ಎಂದೆ. SD ಅಂದರೆ ಡಿವಿಆರ್‌ನ ಸಬ್ ಸ್ಟ್ರೀಮ್. ಅದನ್ನು ತಲಾ 512 ಕೆಬಿಪಿಎಸ್‌ಗೆ ಇಟ್ಟೆ, ನಾಲ್ಕಕ್ಕೆ 2 ಎಂಬಿಪಿಎಸ್ ಆಯಿತು. ಹಾರ್ಡ್ ಡಿಸ್ಕಿನಲ್ಲಿ ಉಳಿಯುವ ರೆಕಾರ್ಡಿಂಗ್ ಮೇನ್ ಸ್ಟ್ರೀಮ್‌ನಲ್ಲೇ ಇರುವುದರಿಂದ ಕಳ್ಳನ ಮುಖವೇನೂ ಮಸುಕಾಗುವುದಿಲ್ಲ. ಆಮೇಲೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಬೇರೆ ಸಾಫ್ಟ್‌ವೇರ್ ಹಾಕಿದ ಹಳೆಯ ರೂಟರ್‌ನಲ್ಲಿ ಸಾಲನ್ನು ನಿಭಾಯಿಸುವ SQM ಚಾಲೂ ಮಾಡಿ, ಅದರಲ್ಲಿ cake ಎಂಬ ವಿಧಾನ ಆರಿಸಿ, ಅಪ್‌ಲೋಡ್ ಮಿತಿಯನ್ನು 5200 ಕೆಬಿಟ್‌ಗೆ ಕಟ್ಟಿದೆ. ಇರುವ 6ರಲ್ಲಿ ಶೇಕಡಾ 85-90 ಭಾಗವನ್ನಷ್ಟೇ ಬಳಸಿದರೆ ಸಾಲು ನೆಟ್ ಕಂಪನಿ ಕೊಟ್ಟ ರೂಟರ್‌ನಲ್ಲಿ ಕಟ್ಟದೆ ನಮ್ಮ ಈ ರೂಟರ್‌ನಲ್ಲಿ ಕಟ್ಟುತ್ತದೆ. ಅಲ್ಲಿ cake ಸ್ವಲ್ಪ ಸ್ವಲ್ಪವೇ ಕಳಿಸುವವರನ್ನು ಕಾಯಿಸುವುದಿಲ್ಲ. ನಿಮ್ಮ ರೂಟರ್‌ನಲ್ಲಿ SQM ಇಲ್ಲದಿದ್ದರೆ ಆಡುವ ಹೊತ್ತು ಫೋಟೊ ಬ್ಯಾಕಪ್ ನಿಲ್ಲಿಸುವುದು, ವನ್‌ಡ್ರೈವ್‌ಗೆ ಅಪ್‌ಲೋಡ್ ಮಿತಿ ಹಾಕುವುದು ಸಾಕಾಗುತ್ತದೆ. ಪ್ಲಾನ್ ದೊಡ್ಡದು ಮಾಡಬೇಡಿ ಎಂದೇ ಹೇಳುತ್ತೇನೆ. ಡೌನ್‌ಲೋಡ್ ಏರಿಸಿ ಅಪ್‌ಲೋಡ್ ಅಷ್ಟೇ ಬಿಟ್ಟ ಪ್ಲಾನ್‌ನಿಂದ ಈ ವಿಷಯದಲ್ಲಿ ಏನೂ ಪ್ರಯೋಜನವಿಲ್ಲ.

ಇನ್ನು ರೆಕಾರ್ಡಿಂಗೇ ತುಂಡಾಗಿದ್ದರೆ? ಡಾಂಗಲ್ ಇರುವ ವೈರ್‌ಲೆಸ್ ಹೆಡ್‌ಸೆಟ್ಟಾದರೆ ಡಾಂಗಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಯುಎಸ್‌ಬಿ 3 ಪೋರ್ಟು, ಅದರಲ್ಲೂ ಕೆಲಸ ಮಾಡುತ್ತಿರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, 2.4 ಗಿಗಾಹರ್ಟ್ಜ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಇಂಟೆಲ್‌ನವರೇ 2012ರಲ್ಲಿ ಇದನ್ನು ಅಳೆದು ಬರೆದಿದ್ದಾರೆ. ಗದ್ದಲ ಇರುವುದು ಡಾಂಗಲ್‌ನ ಕಿವಿಯ ಪಕ್ಕ, ನಿಮ್ಮ ತಲೆಯ ಪಕ್ಕ ಅಲ್ಲ. ಅದಕ್ಕೇ ಡಾಂಗಲ್ ಕಳಿಸಿದ ಆಟದ ಸದ್ದು ನಿಮಗೆ ಸರಿ ಬರುತ್ತದೆ, ನೀವು ಕಳಿಸಿದ ದನಿ ಡಾಂಗಲ್‌ಗೆ ಕೇಳಿಸುವುದಿಲ್ಲ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್‌ನಲ್ಲಿ ಡಾಂಗಲ್ಲನ್ನು ಮೇಜಿನ ಮೇಲೆ ತಂದಿಡಿ. ತಂತಿಯ ಹೆಡ್‌ಸೆಟ್ಟಾದರೆ ಬೇರೆ ಪೋರ್ಟಿಗೆ ಹಾಕಿ, ಹಬ್ ಇದ್ದರೆ ತೆಗೆಯಿರಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 100 % ಅಂಟಿಕೊಂಡಿದ್ದರೆ ಆಟಕ್ಕೆ ಫ್ರೇಮ್ ಮಿತಿ ಹಾಕಿ.

ರೆಕಾರ್ಡಿಂಗ್ ಶುದ್ಧ, ಲಾಸ್ ಸೊನ್ನೆ, ಆದರೂ ಮಾತಿನ ಮೊದಲಕ್ಷರ ನುಂಗಿಹೋಗುತ್ತಿದೆ ಎಂದಾದರೆ ಅದು ನಾಯ್ಸ್ ಸಪ್ರೆಶನ್. ಹೆಡ್‌ಸೆಟ್‌ನ ಸಾಫ್ಟ್‌ವೇರ್‌ನಲ್ಲಿ ಒಂದು, ಡಿಸ್ಕಾರ್ಡ್‌ನಲ್ಲಿ ಇನ್ನೊಂದು, ಎರಡೂ ಆನ್ ಇರುತ್ತವೆ. ಮೊದಲನೆಯದು ಕೊರೆದದ್ದನ್ನು ಎರಡನೆಯದು ಗದ್ದಲವೆಂದು ಮತ್ತೆ ಕೊರೆಯುತ್ತದೆ. ಜೂನ್-ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಇದು ಜಾಸ್ತಿ. ಒಂದನ್ನು ಮಾತ್ರ ಇಟ್ಟುಕೊಂಡು ಡಿಸ್ಕಾರ್ಡ್‌ನ Mic Testನಲ್ಲಿ ನಿಮ್ಮ ದನಿ ನೀವೇ ಕೇಳಿ, ಯಾಕೆಂದರೆ ವಿಂಡೋಸ್‌ನ ರೆಕಾರ್ಡರ್‌ಗೆ ಡಿಸ್ಕಾರ್ಡ್ ಮಾಡುವ ಕೊರೆತ ಕಾಣಿಸುವುದಿಲ್ಲ.

ನಿಮ್ಮ 3000 ರೂಪಾಯಿಯನ್ನು ಸದ್ಯಕ್ಕೆ ಕಿಸೆಯಲ್ಲೇ ಇಡಿ. ನಾಳೆ ರಾತ್ರಿ ಆಡುವಾಗ ಎಣಿಸಿ, ಪಿಂಗ್ ಹಾಕಿ, ಮೂರು ಅಂಕಿ ಇಲ್ಲಿ ಬರೆಯಿರಿ: ರೂಟರ್‌ಗೆ ಎಷ್ಟು, ಹೊರಗೆ ಎಷ್ಟು, ಲಾಸ್ ಎಷ್ಟು.