ಸ್ಕ್ಯಾನ್‌ನಲ್ಲಿ ನರ ಊದಿದೆ, ನರದ ಟೆಸ್ಟ್ ಮಾತ್ರ ನಾರ್ಮಲ್. ಯಾವುದನ್ನು ನಂಬಲಿ?

ಪ್ರಶ್ನೆ: ನನಗೆ 46 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆರು ತಿಂಗಳಿಂದ ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಅನ್ನುತ್ತವೆ. ರಾತ್ರಿ ಜೋಮು ಹಿಡಿದು ಎಚ್ಚರ ಆಗುತ್ತದೆ, ಎದ್ದು ಕೈ ಕೊಡವಿದರೆ ಸರಿಹೋಗುತ್ತದೆ. ಒಬ್ಬ ಡಾಕ್ಟರು ಕರೆಂಟ್ ಕೊಟ್ಟು ನರದ ಟೆಸ್ಟ್ ಮಾಡಿಸಿದರು, ನಾರ್ಮಲ್ ಬಂತು. ಇನ್ನೊಬ್ಬರು ಮಣಿಕಟ್ಟಿನ ಸ್ಕ್ಯಾನ್ ಮಾಡಿಸಿ, ನರ 13 ಆಗಿದೆ, ಊದಿದೆ ಅಂದರು. ಎರಡೂ ರಿಪೋರ್ಟ್ ಕಳಿಸಿದ್ದೇನೆ. ಯಾವುದು ಸರಿ ಡಾಕ್ಟ್ರೇ? ಆಪರೇಷನ್ ಬೇಕಾ?

— ಒಬ್ಬ ಓದುಗರು, ದಾವಣಗೆರೆ

ಉತ್ತರ: ಎರಡೂ ಸರಿ ಇರಬಹುದು. ಸ್ಕ್ಯಾನ್ ನೋಡುವುದು ನರದ ಆಕಾರವನ್ನು. ಕರೆಂಟ್ ಟೆಸ್ಟ್, ಅಂದರೆ ನರ್ವ್ ಕಂಡಕ್ಷನ್, ನೋಡುವುದು ಅದರ ಕೆಲಸವನ್ನು. ಊದಿಕೊಂಡ ನರವೂ ಕೆಲವು ಕಾಲ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಿಮ್ಮ ರಿಪೋರ್ಟ್‌ಗಳನ್ನು ಓದಿದರೆ ನನಗೆ ಹಾಗೇ ಕಾಣುತ್ತದೆ. ಆಪರೇಷನ್ ಮಾತು ಈಗಲೇ ಬೇಡ. ಯಾಕೆ ಅಂತ ಹೇಳುತ್ತೇನೆ.

ಮೊದಲು ಕರೆಂಟ್ ಟೆಸ್ಟ್. ಮಣಿಕಟ್ಟಿನ ಹತ್ತಿರ ಈ ಬೆರಳುಗಳಿಗೆ ಹೋಗುವ ಮೀಡಿಯನ್ ನರಕ್ಕೆ ಸಣ್ಣ ಶಾಕ್ ಕೊಟ್ಟು, ಹೆಬ್ಬೆರಳಿನ ಬುಡದ ಸ್ನಾಯು ಎಷ್ಟು ಹೊತ್ತಿಗೆ ಅಲುಗಿತು ಎಂದು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ನಿಮ್ಮದು 3.9. ಹೆಚ್ಚಿನ ಲ್ಯಾಬ್‌ಗಳಲ್ಲಿ 4.2ರಿಂದ 4.4 ದಾಟಿದರೆ ಮಾತ್ರ ತಡ ಎನ್ನುತ್ತಾರೆ. ಬೆರಳಿನ ಸ್ಪರ್ಶದ ಸಂಕೇತವೂ ಮಿತಿಯೊಳಗೇ ಇದೆ. ಹಾಗಾಗಿ 'ನಾರ್ಮಲ್' ಎಂದು ಬರೆದದ್ದು ಸುಳ್ಳಲ್ಲ.

ಆದರೆ ಈ ಟೆಸ್ಟ್ ಎಲ್ಲ ನರತಂತುಗಳ ಲೆಕ್ಕ ಕೊಡುವುದಿಲ್ಲ. ಅದು ಹಿಡಿಯುವುದು ದಪ್ಪಗಿರುವ, ಅತಿ ವೇಗವಾಗಿ ಸಾಗುವ ತಂತುಗಳನ್ನು. ನೂರರಲ್ಲಿ ಕೆಲವೇ ತಂತುಗಳು ಸರಿಯಾಗಿ ಓಡುತ್ತಿದ್ದರೂ ಸಮಯ ಸರಿಯಾಗಿಯೇ ಬರುತ್ತದೆ. ಇನ್ನೊಂದು ವಿಷಯ, ನಿಮ್ಮ ಜೋಮು ರಾತ್ರಿಯದು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡಾಗ ಈ ನರ ಅಲ್ಲಿ ಹಾದುಹೋಗುವ ಇಕ್ಕಟ್ಟಾದ ಸುರಂಗದ, ಅಂದರೆ ಕಾರ್ಪಲ್ ಟನಲ್‌ನ, ಒಳಗೆ ಒತ್ತಡ ಏರಿ, ನರಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎದ್ದು ಕೊಡವಿದರೆ ಮತ್ತೆ ಹರಿಯುತ್ತದೆ. ಟೆಸ್ಟ್ ಮಾಡಿದ್ದು ಹಗಲು ಹೊತ್ತಿನಲ್ಲಿ, ಕೈ ನೆಟ್ಟಗೆ ಇಟ್ಟುಕೊಂಡು. ಆಗ ನರ ಆರಾಮಾಗಿಯೇ ಇರುತ್ತದಲ್ವಾ?

ನಿಮ್ಮ ರಿಪೋರ್ಟ್‌ನಲ್ಲಿ ಒಂದು ಕೊರತೆಯೂ ಇದೆ. ಉಂಗುರ ಬೆರಳಿನ ಹೋಲಿಕೆ ಮಾಡಿಲ್ಲ. ಆ ಬೆರಳಿನ ಒಂದು ಬದಿಗೆ ಮೀಡಿಯನ್ ನರ, ಇನ್ನೊಂದು ಬದಿಗೆ ಅಲ್ನಾರ್ ನರ. ಅಲ್ನಾರ್ ಈ ಟನಲ್ ಒಳಗೆ ಹೋಗುವುದಿಲ್ಲ. ಒಂದೇ ಬೆರಳು, ಒಂದೇ ದೂರ, ಎರಡು ನರ. ಎರಡರ ಸಮಯದ ವ್ಯತ್ಯಾಸ ಸುಮಾರು 0.5 ಮಿಲಿಸೆಕೆಂಡ್ ದಾಟಿದರೆ ಮಣಿಕಟ್ಟಿನಲ್ಲೇ ಅಡಚಣೆ ಇದೆ ಎಂದು ಹೇಳಬಹುದು. ಬರೀ ಮೀಡಿಯನ್ ನರದ ಅಂಕಿ ನೋಡಿದರೆ ತಪ್ಪಿಹೋಗುವ ಆರಂಭದ ಕೇಸ್‌ಗಳು ಈ ಹೋಲಿಕೆಯಲ್ಲಿ ಸಿಗುತ್ತವೆ. ನಮ್ಮ ಕಡೆ ಇದನ್ನು ಎಲ್ಲ ಕಡೆ ಮಾಡುವುದಿಲ್ಲ. ಕೇಳಿದರೆ ಮಾಡಿಕೊಡುತ್ತಾರೆ, ಐದು ನಿಮಿಷದ ಕೆಲಸ.

ತಣ್ಣಗಿನ ಕೈಯಲ್ಲಿ ಟೆಸ್ಟ್ ಮಾಡಿದರೆ ನರದ ವೇಗ ಕಡಿಮೆ ತೋರುತ್ತದೆ. ಎಸಿ ರೂಮಿನಲ್ಲಿ ಕೂತು, ಕೈ ಐಸ್ ಆಗಿರುವಾಗ ಮಾಡಿಸಿದ ಟೆಸ್ಟ್‌ನಲ್ಲಿ ಇಲ್ಲದ ರೋಗ ಕಾಣಬಹುದು. ಚರ್ಮದ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮೊದಲು ಕೈ ಬೆಚ್ಚಗೆ ಮಾಡಬೇಕು. ನಿಮ್ಮದು ನಾರ್ಮಲ್ ಬಂದಿರುವುದರಿಂದ ಈ ಚಿಂತೆ ನಿಮಗಿಲ್ಲ. 'ಬಾರ್ಡರ್‌ಲೈನ್' ಎಂದು ಬರೆಸಿಕೊಂಡು ಬಂದವರಿಗೆ ಇದು ನೆನಪಿರಲಿ.

ಈಗ ಸ್ಕ್ಯಾನ್, ಅಂದರೆ ಅಲ್ಟ್ರಾಸೌಂಡ್. ಕಿರುಬೆರಳಿನ ಕಡೆ, ಮಣಿಕಟ್ಟಿನ ಗೆರೆಯ ಹತ್ತಿರ ಬಟಾಣಿ ಗಾತ್ರದ ಒಂದು ಮೂಳೆ ಕೈಗೆ ಸಿಗುತ್ತದೆ, ಒತ್ತಿ ನೋಡಿ. ಆ ಮೂಳೆಯ ಮಟ್ಟದಲ್ಲಿ ಪ್ರೋಬ್ ಅಡ್ಡ ಇಟ್ಟರೆ ಮೀಡಿಯನ್ ನರ ಅಡ್ಡ ಕೊಯ್ದ ಹಾಗೆ ಕಾಣುತ್ತದೆ, ಒಳಗೆ ಕಪ್ಪು ಚುಕ್ಕಿಗಳು, ಸುತ್ತ ಬೆಳ್ಳಗಿನ ಅಂಚು. ಆ ಅಂಚಿನ ಒಳಬದಿಯಲ್ಲಿ ಗೆರೆ ಎಳೆದರೆ ಯಂತ್ರ ವಿಸ್ತೀರ್ಣ ಹೇಳುತ್ತದೆ. ನಿಮ್ಮ 13 ಎಂದರೆ 13 ಚದರ ಮಿಲಿಮೀಟರ್. ಸಾಮಾನ್ಯವಾಗಿ 10ರವರೆಗೆ ಸರಿ ಎನ್ನುತ್ತಾರೆ, ಕೆಲವರು 12ರವರೆಗೂ ಬಿಡುತ್ತಾರೆ.

ಊದುವುದು ಯಾಕೆ ಆ ಜಾಗದಲ್ಲೇ? ಅದು ಟನಲ್‌ನ ಬಾಯಿ. ಒಳಗೆ ಬಿಗಿ. ಲಂಗದ ಲಾಡಿ ಬಿಗಿದು ಕಟ್ಟಿದರೆ ಅದರ ಮೇಲೆ ಸೊಂಟ ಉಬ್ಬುತ್ತದಲ್ಲ, ಹಾಗೆ. ಅಮುಕಿದ ಜಾಗದ ಸ್ವಲ್ಪ ಮೇಲೆ ನರ ಉಬ್ಬುತ್ತದೆ, ಒಳಗೆ ಚಪ್ಪಟೆಯಾಗುತ್ತದೆ.

ಈ 13ನ್ನು ಒಂಟಿಯಾಗಿ ನಂಬಲು ನನಗೆ ಮನಸ್ಸಿಲ್ಲ. ಬಿಳಿ ಅಂಚನ್ನೂ ಸೇರಿಸಿ ಗೆರೆ ಎಳೆದರೆ 10 ಇದ್ದದ್ದು 12 ಆಗಿಬಿಡುತ್ತದೆ. ಪ್ರೋಬ್ ನೇರ ನಿಲ್ಲದೆ ಓರೆಯಾದರೆ ದುಂಡಗಿನ ನರ ಉದ್ದುದ್ದ ಕಂಡು ಅಂಕಿ ಏರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಮೀಡಿಯನ್ ನರ ಎರಡು ಕವಲಾಗಿರುತ್ತದೆ, ಅವರಲ್ಲಿ ಎರಡನ್ನೂ ಕೂಡಿಸಿ ಬೇರೆ ಲೆಕ್ಕ ಹಾಕಬೇಕು. ಸಕ್ಕರೆ ಕಾಯಿಲೆ ಇದ್ದರೆ ನರ ಉದ್ದಕ್ಕೂ ತುಸು ದಪ್ಪ ಇರಬಹುದು, ಅದನ್ನು ಮಣಿಕಟ್ಟಿನ ತೊಂದರೆ ಎಂದು ಓದಿಬಿಡುವ ಅಪಾಯ ಇದೆ.

ಅದಕ್ಕೇ ನಿಮ್ಮ ರಿಪೋರ್ಟ್‌ನ ಎರಡನೇ ಸಾಲು ನನಗೆ ಹೆಚ್ಚು ಬೆಲೆಯದು. ಸ್ಕ್ಯಾನ್ ಮಾಡಿದವರು ಅದೇ ನರವನ್ನು ಮಣಿಕಟ್ಟಿನಿಂದ ಸುಮಾರು 12 ಸೆಂಟಿಮೀಟರ್ ಮೇಲೆ, ಮುಂಗೈಯಲ್ಲೂ ಅಳೆದಿದ್ದಾರೆ. ಅಲ್ಲಿ 6 ಬಂದಿದೆ. 13ನ್ನು 6ರಿಂದ ಭಾಗಿಸಿ. ಎರಡಕ್ಕಿಂತ ಜಾಸ್ತಿ. 1.4 ದಾಟಿದರೇ ಅನುಮಾನ ಶುರುವಾಗುತ್ತದೆ. ನಿಮ್ಮ ನರಕ್ಕೆ ನಿಮ್ಮದೇ ನರವನ್ನು ಅಳತೆಗೋಲು ಮಾಡಿದಂತಾಯಿತು, ಮೈಕಟ್ಟು ದೊಡ್ಡದೋ ಚಿಕ್ಕದೋ ಎಂಬ ಗೊಂದಲವೇ ಇಲ್ಲ. ಎಡ ಮಣಿಕಟ್ಟು 8 ಇದೆ, ಅಲ್ಲಿ ತೊಂದರೆಯೂ ಇಲ್ಲ. ಜೊತೆಗೆ ಹತ್ತಿರದಲ್ಲಿ ಗಂಟು ಇಲ್ಲ, ನರ ಕವಲೊಡೆದಿಲ್ಲ ಎಂದೂ ಬರೆದಿದ್ದಾರೆ. ಒಳ್ಳೆಯ ಸ್ಕ್ಯಾನ್ ಇದು. 'ಮೀಡಿಯನ್ ನರ್ವ್ ಸ್ವೆಲಿಂಗ್ ಪ್ರೆಸೆಂಟ್' ಎಂದು ಒಂದೇ ಸಾಲು ಬರೆದು ಕಳಿಸುವವರೂ ಇದ್ದಾರೆ. ಅಂಥ ರಿಪೋರ್ಟ್‌ನಿಂದ ಏನೂ ತಿಳಿಯುವುದಿಲ್ಲ.

ಹಾಗಾದರೆ ಕತ್ತಿನ ತೊಂದರೆ ಅಲ್ಲವಾ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕತ್ತಿನಲ್ಲಿ ನರದ ಬೇರು ಅಮುಕಿದರೂ ಹೆಬ್ಬೆರಳು, ತೋರುಬೆರಳು ಜುಮ್ ಅನ್ನುತ್ತವೆ. ಆಗ ಬೆರಳಿನ ಸ್ಪರ್ಶದ ಟೆಸ್ಟ್ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತದೆ. ಅಮುಕುವುದು ಸ್ಪರ್ಶದ ಜೀವಕೋಶಗಳು ಇರುವ ಜಾಗಕ್ಕಿಂತ ಒಳಗೆ, ಬೆನ್ನುಹುರಿಯ ಕಡೆ. ಹಾಗಾಗಿ ಆ ಜೀವಕೋಶಗಳಿಂದ ಕೈಗೆ ಹೋಗುವ ತಂತುಗಳಿಗೆ ಪೆಟ್ಟಾಗಿರುವುದಿಲ್ಲ. ಅಂದರೆ ನಿಮ್ಮ ನಾರ್ಮಲ್ ಟೆಸ್ಟ್ ಕತ್ತಿನ ತೊಂದರೆಗೂ ಹೊಂದುತ್ತದೆ. ಆದರೆ ನೀವು ಕತ್ತು ನೋವು ಹೇಳಿಲ್ಲ. ಕೊಡವಿದರೆ ಹೋಗುವ ರಾತ್ರಿ ಜೋಮು ಮಣಿಕಟ್ಟಿನ ಗುರುತು. ಸ್ಕ್ಯಾನ್ ಅದೇ ಜಾಗ ತೋರಿಸುತ್ತಿದೆ. ಕತ್ತು ತಿರುಗಿಸಿದರೆ ನೋವು ತೋಳಿಗೆ ಹರಿಯುತ್ತದೆಯೇ ಎಂದು ಒಮ್ಮೆ ಗಮನಿಸಿ. ಹರಿದರೆ ಕತ್ತನ್ನೂ ನೋಡಿಸಬೇಕು, ಸೂಜಿ ಹಾಕಿ ಸ್ನಾಯು ಪರೀಕ್ಷಿಸುವ ಇಎಂಜಿ ಆಗ ಉಪಯೋಗಕ್ಕೆ ಬರುತ್ತದೆ. ಅಂಗೈಯ ಹೆಬ್ಬೆರಳ ಬುಡದ ಚರ್ಮವನ್ನೂ ಮುಟ್ಟಿ ನೋಡಿ. ಆ ಚರ್ಮಕ್ಕೆ ಹೋಗುವ ಕವಲು ಟನಲ್‌ಗೆ ಮೊದಲೇ ಬೇರೆಯಾಗುತ್ತದೆ. ಬೆರಳು ಮಂದವಾಗಿ ಅಂಗೈಯ ಆ ಭಾಗ ಚೆನ್ನಾಗಿದ್ದರೆ ಅದು ಮಣಿಕಟ್ಟಿನ ತೊಂದರೆಯನ್ನೇ ಸೂಚಿಸುತ್ತದೆ.

ಸ್ಕ್ಯಾನ್‌ನ ಮಿತಿಯನ್ನೂ ಹೇಳಬೇಕು. ನರ ಎಷ್ಟು ಹಾಳಾಗಿದೆ ಎಂದು 13 ಹೇಳುವುದಿಲ್ಲ. ಯಾವ ತೊಂದರೆಯೂ ಇಲ್ಲದವರಲ್ಲಿ ನರ ದಪ್ಪ ಕಂಡದ್ದುಂಟು. ಆಪರೇಷನ್ ಚೆನ್ನಾಗಿ ಆಗಿ ಜೋಮು ಹೋದ ಮೇಲೂ ಊತ ಪೂರ್ತಿ ಇಳಿಯದೆ ಉಳಿಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ಅಂಕಿ ಇಳಿಯಿತಾ ಎಂದು ನೋಡುವುದು ಸುಮ್ನೆ ದುಡ್ಡು ದಂಡ. ತಂತುಗಳು ಸತ್ತಿವೆಯೇ ಎಂದು ತಿಳಿಯಬೇಕಾದಾಗ ಕರೆಂಟ್ ಟೆಸ್ಟೇ ಬೇಕು. ಸ್ನಾಯುವಿನ ಸಂಕೇತ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದರಲ್ಲಿ ಅದು ಕಾಣುತ್ತದೆ. ನಿಮ್ಮಲ್ಲಿ ಆ ಎತ್ತರ ಚೆನ್ನಾಗಿದೆ, ತಂತುಗಳು ಸತ್ತ ಗುರುತು ಇಲ್ಲ. ಆಪರೇಷನ್‌ಗೆ ಅವಸರ ಬೇಡ ಎನ್ನುವುದು ಇದಕ್ಕೇ.

ಮಾಡಬೇಕಾದ್ದು ಇಷ್ಟು. ರಾತ್ರಿ ಮಣಿಕಟ್ಟನ್ನು ನೆಟ್ಟಗೆ ಇಡುವ ಸ್ಪ್ಲಿಂಟ್ ಆರು ವಾರ ಹಾಕಿಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಹಲವು ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಕೈಯನ್ನು ಮೇಲಕ್ಕೆ ಬಾಗಿಸಿರುತ್ತದೆ. ಅದನ್ನು ಹೊರತೆಗೆದು ನೇರ ಮಾಡಿ ಮತ್ತೆ ತೂರಿಸಿ. ಮೇಲಕ್ಕೆ ಬಾಗಿದರೂ ಟನಲ್‌ನಲ್ಲಿ ಒತ್ತಡ ಏರುತ್ತದೆ. ಪಟ್ಟಿ ಬಿಗಿದು ಕಟ್ಟಬೇಡಿ. ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆ ಮಾಡಿಸಿ. ಮೊದಲೆರಡು ಈ ತೊಂದರೆಗೆ ಗೊತ್ತಿರುವ ಕಾರಣಗಳು. ಬಿ12 ಕೊರತೆ ಬೇರೆ ರೀತಿಯ ಜುಮ್ಮೆನ್ನುವಿಕೆ ತರುತ್ತದೆ, ಅದರಲ್ಲಿ ಹೆಚ್ಚಾಗಿ ಕಾಲೂ ಸೇರಿರುತ್ತದೆ. ಬಿ12 ಸರಿ ಇದ್ದರೆ 'ನರದ ಮಾತ್ರೆ' ನುಂಗಿ ಟನಲ್ ಸಡಿಲ ಆಗುವುದಿಲ್ಲ. ಕತ್ತರಿ ಹಿಡಿದು ಬಟ್ಟೆ ಕತ್ತರಿಸುವ ಕೆಲಸವನ್ನು ಒಂದೇ ಸಲ ಮುಗಿಸದೆ, ನಡುನಡುವೆ ಹೊಲಿಗೆ, ಕೈಹೆಮ್ಮಿಂಗ್ ಬದಲಿಸಿ ಮಾಡಿ.

ಆರು ವಾರಕ್ಕೂ ನಿದ್ದೆ ಕೆಡುತ್ತಿದ್ದರೆ ಟನಲ್‌ಗೆ ಸ್ಟೆರಾಯ್ಡ್ ಇಂಜೆಕ್ಷನ್ ಒಂದು ದಾರಿ. ನರಕ್ಕೆ ಚುಚ್ಚದಂತೆ ಸ್ಕ್ಯಾನ್ ನೋಡಿಕೊಂಡು ಹಾಕುವವರಿದ್ದಾರೆ. ಹಲವರಿಗೆ ಕೆಲವು ತಿಂಗಳು ಆರಾಮ ಸಿಗುತ್ತದೆ, ಮತ್ತೆ ಮರುಕಳಿಸುವುದೂ ಇದೆ. ಆ ಹಂತದಲ್ಲಿ ಉಂಗುರ ಬೆರಳಿನ ಹೋಲಿಕೆ ಸೇರಿಸಿ ಕರೆಂಟ್ ಟೆಸ್ಟ್ ಮತ್ತೊಮ್ಮೆ ಮಾಡಿಸಿ. ಆಪರೇಷನ್‌ಗೆ ಹೋಗುವುದಾದರೂ ಮೊದಲೇ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಲು ಒಂದು ಆಧಾರ ಇರುತ್ತದೆ.

ಈ ಆರು ವಾರದ ಲೆಕ್ಕ ಕೆಲವು ಸ್ಥಿತಿಗಳಲ್ಲಿ ಮಾತ್ರ ನಡೆಯುವುದಿಲ್ಲ, ಮುಂದೆ ಹೇಳುವುದರಲ್ಲಿ ಒಂದಿದ್ದರೂ ಸಾಕು. ಹಗಲೂ ಬೆರಳು ಮಂದವಾಗಿಯೇ ಉಳಿದರೆ, ಸೂಜಿ ಕೈಯಿಂದ ಜಾರತೊಡಗಿದರೆ, ಎರಡು ಅಂಗೈ ಪಕ್ಕಪಕ್ಕ ಇಟ್ಟು ನೋಡಿದಾಗ ಬಲಗೈ ಹೆಬ್ಬೆರಳ ಬುಡದ ಉಬ್ಬು ತಗ್ಗಿದಂತೆ ಕಂಡರೆ, ಸ್ಪ್ಲಿಂಟ್ ಹಾಕಿಕೊಂಡು ಕಾಯಬೇಡಿ. ಆ ವಾರದಲ್ಲೇ ನರರೋಗ ತಜ್ಞರನ್ನೋ ಕೈ ಸರ್ಜನ್‌ರನ್ನೋ ಕಾಣಿ, ಎರಡೂ ರಿಪೋರ್ಟ್ ಜೊತೆಗಿರಲಿ.